ಸತ್ವ, ರಜಸ್ಸು, ತಮಸ್ಸು: ಸ್ವಭಾವ ಮತ್ತು ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೀತೆಯ ಪಾಠ ಮುಗಿದ ಮೇಲೆ ನಿಂತು ಕೇಳಿದವರು, ಪತ್ರ ಬರೆದವರು, ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತು ಮಾತು ತೆಗೆದವರು, ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಮುಕ್ಕಾಲು ಪಾಲು ಜನ ಕೇಳುವುದು ಊಟದ ವಿಷಯವನ್ನೇ. ಹಾಗಾಗಿ ಉತ್ತರಗಳೂ ಅಲ್ಲೇ ಉದ್ದವಾಗಿವೆ.

## ಮೊದಲಿಗೆ

ಸತ್ವ ಅಂದ್ರೆ ಒಳ್ಳೇದು, ರಜಸ್ಸು ಮಧ್ಯಮ, ತಮಸ್ಸು ಕೆಟ್ಟದ್ದು. ಇಷ್ಟೇ ತಾನೇ?

ಇಷ್ಟೇ ಆಗಿದ್ದರೆ ಮೂರೂ ಸೇರಿ ಜಗತ್ತು ಆಗುತ್ತಿರಲಿಲ್ಲ. ಈ ವಿಚಾರವನ್ನು ಕ್ರಮವಾಗಿ ಕಟ್ಟಿಕೊಟ್ಟದ್ದು ಸಾಂಖ್ಯ ದರ್ಶನ. ಅದರ ಪ್ರಕಾರ ಪ್ರಕೃತಿಯಲ್ಲಿ ಇರುವುದೆಲ್ಲ ಈ ಮೂರರ ಹೆಣಿಗೆ. ಕಲ್ಲು, ಗಿಡ, ದೇಹ, ಮನಸ್ಸು, ಬುದ್ಧಿ ಯಾವುದೂ ಇದಕ್ಕೆ ಹೊರತಲ್ಲ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 13ನೇ ಕಾರಿಕೆ ಒಂದೊಂದರ ಕೆಲಸವನ್ನೂ ಹೇಳುತ್ತದೆ: ಸತ್ವ ಹಗುರವಾದದ್ದು, ಬೆಳಗಿಸುವಂಥದ್ದು. ರಜಸ್ಸು ಚಲಿಸುವಂಥದ್ದು, ಬೇರೆಯದನ್ನೂ ಎಬ್ಬಿಸುವಂಥದ್ದು. ತಮಸ್ಸು ಭಾರವಾದದ್ದು, ಮುಚ್ಚುವಂಥದ್ದು. ಒಂದಕ್ಕೊಂದು ವಿರೋಧವಾದ ಇವು ಒಟ್ಟಿಗೆ ಹೇಗೆ ಇರುತ್ತವೆ ಎಂಬುದಕ್ಕೆ ಅದೇ ಕಾರಿಕೆ ದೀಪವನ್ನು ತೋರಿಸುತ್ತದೆ. ಬತ್ತಿ, ಎಣ್ಣೆ, ಉರಿ ಮೂರರ ಸ್ವಭಾವವೂ ಬೇರೆ, ಆದರೆ ಬೆಳಕು ಬರಬೇಕಾದರೆ ಮೂರೂ ಬೇಕು.

ಬರೀ ಸತ್ವದಿಂದ ಒಂದು ಕೆಲಸವೂ ಶುರುವಾಗದು. ಏಕೆಂದರೆ ಚಲನೆ ರಜಸ್ಸಿನದು. ತಮಸ್ಸಿಲ್ಲದಿದ್ದರೆ ನಿದ್ದೆ ಇಲ್ಲ, ನಿಲುಗಡೆಯೂ ಇಲ್ಲ. ಸ್ವಭಾವದ ಮಾತು ಬಂದಾಗ ಸತ್ವಕ್ಕೆ ಮೇಲಿನ ಸ್ಥಾನ ಕೊಡುವುದು ನಿಜ. ಅದಕ್ಕೆ ಕಾರಣ, ಇರುವುದನ್ನು ಇರುವ ಹಾಗೆ ಕಾಣಿಸುವ ಕೆಲಸ ಅದರದ್ದು.

ನಾನು ಯಾವ ಗುಣದವನು ಅಂತ ಹೇಗೆ ಕಂಡುಹಿಡಿಯೋದು?

ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳಿದರೆ ಉತ್ತರ ಸುಲಭ: ಈ ಹೊತ್ತಿನಲ್ಲಿ ನನ್ನಲ್ಲಿ ಯಾವುದು ಮೇಲುಗೈ? ಗೀತೆಯ 14ನೇ ಅಧ್ಯಾಯದ 10ನೇ ಶ್ಲೋಕ ಹೇಳುವುದು ಇದನ್ನೇ. ಒಂದು ಗುಣ ಉಳಿದೆರಡನ್ನು ಅದುಮಿ ಮೇಲೆ ಬರುತ್ತದೆ, ಆಮೇಲೆ ಇನ್ನೊಂದು. ಮುಂದಿನ ಮೂರು ಶ್ಲೋಕಗಳಲ್ಲಿ ಗುರುತುಗಳಿವೆ. ಇಂದ್ರಿಯಗಳಲ್ಲೆಲ್ಲ ತಿಳಿವಿನ ಬೆಳಕಿದ್ದರೆ ಸತ್ವ. ಲೋಭ, ಒಂದರ ಮೇಲೊಂದು ಕೆಲಸಕ್ಕೆ ಕೈಹಾಕುವುದು, ತಣಿಯದ ಚಡಪಡಿಕೆ ಇದ್ದರೆ ರಜಸ್ಸು. ಮಂಕು, ಕೆಲಸಗಳ್ಳತನ, ಎಚ್ಚರಗೇಡಿತನ, ಮೋಹ ಇದ್ದರೆ ತಮಸ್ಸು.

ಒಂದು ಉದಾಹರಣೆ. ರಾತ್ರಿ ಒಂಬತ್ತಕ್ಕೆ ಮಗಳು ಲೆಕ್ಕದ ಪುಸ್ತಕ ಹಿಡಿದು ಅಪ್ಪನ ಹತ್ತಿರ ಬರುತ್ತಾಳೆ. ಒಂದು ದಿನ ಅಪ್ಪ ಫೋನಿನಿಂದ ಕಣ್ಣೆತ್ತದೆ “ನಾಳೆ ನೋಡೋಣಮ್ಮ” ಅನ್ನುತ್ತಾನೆ. ಆ ನಾಳೆ ಬರುವುದೇ ಇಲ್ಲ. ಇನ್ನೊಂದು ದಿನ ಪೆನ್ಸಿಲ್ ಕಸಿದುಕೊಂಡು ತಾನೇ ಸರಸರ ಬಿಡಿಸಿ, “ಇಷ್ಟೂ ಬರಲ್ವಾ, ಪರೀಕ್ಷೆ ಗತಿ ಏನು?” ಎಂದು ಗದರುತ್ತಾನೆ. ಕೆಲಸ ಆಯಿತು, ಆದರೆ ಅವನ ಮನಸ್ಸು ಇದ್ದದ್ದು ಅಂಕದ ಮೇಲೆ. ಮತ್ತೊಂದು ದಿನ ಅವಳು ಬರೆದದ್ದನ್ನು ಸಾಲು ಸಾಲಾಗಿ ಓದಿ, ಸಂಖ್ಯೆಯನ್ನು ಸಮೀಕರಣದ ಆಚೆ ಬದಿಗೆ ಒಯ್ಯುವಾಗ ಮೈನಸ್ ಚಿಹ್ನೆ ಬದಲಿಸಲು ಮರೆತಿದ್ದಾಳೆ ಎಂದು ಕಂಡು, ಅಷ್ಟರ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಾನೆ. ಮನುಷ್ಯ ಒಬ್ಬನೇ. ಇವನಿಗೆ ‘ರಾಜಸ’ ಎಂದು ಚೀಟಿ ಅಂಟಿಸಿದರೆ ಉಳಿದ ಎರಡು ದಿನಗಳ ಲೆಕ್ಕ ತಪ್ಪುತ್ತದೆ. ತಿಂಗಳಲ್ಲಿ ಹೆಚ್ಚಿನ ದಿನ ಎರಡನೆಯ ಥರ ಇದ್ದರೆ, ಅವನ ಸ್ವಭಾವದಲ್ಲಿ ರಜಸ್ಸು ಹೆಚ್ಚು ಎನ್ನಬಹುದು.

ಸುಮ್ಮನೆ ಕೂತಿರೋದು ಶಾಂತಿನಾ, ಸೋಮಾರಿತನನಾ ಅಂತ ನಂಗೇ ಗೊತ್ತಾಗಲ್ಲ. ವ್ಯತ್ಯಾಸ ಹೇಗೆ?

ಒಳ್ಳೆಯ ಪ್ರಶ್ನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಸತ್ವ, ತಮಸ್ಸು ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಓಡಾಟವಿಲ್ಲ, ಕೂಗಾಟವಿಲ್ಲ. “ನಂಗೇನೂ ಬೇಡ, ನಾನು ವೈರಾಗ್ಯದಲ್ಲಿದ್ದೀನಿ” ಎನ್ನುವ ಎಷ್ಟೋ ಮಂದಿ ಮಾಡಬೇಕಾದ ಒಂದು ಕೆಲಸವನ್ನು ಮುಂದೂಡುತ್ತಾ ಕೂತಿರುತ್ತಾರೆ.

ಗುರುತು 18ನೇ ಅಧ್ಯಾಯದಲ್ಲಿದೆ. ಸಾತ್ವಿಕ ಸುಖ ಮೊದಲಿಗೆ ವಿಷದಂತೆ, ಕೊನೆಗೆ ಅಮೃತದಂತೆ. ರಾಜಸ ಸುಖ ಇದಕ್ಕೆ ತಿರುಗುಮುರುಗು. ತಾಮಸ ಸುಖವೋ ಮೊದಲಲ್ಲೂ ಕೊನೆಯಲ್ಲೂ ಮಂಕು ಕವಿಸುವಂಥದ್ದು. ಅಂದರೆ ಕೂತಿದ್ದಾಗ ಹೇಗಿತ್ತು ಎನ್ನುವುದಕ್ಕಿಂತ ಎದ್ದ ಮೇಲೆ ಹೇಗಿದೆ ಎಂದು ನೋಡಬೇಕು. ಎದ್ದಾಗ ಮುಂದಿನ ಕೆಲಸ ಸ್ಪಷ್ಟವಾಗಿ ಕಂಡರೆ ಅದು ಸತ್ವದ ಕಡೆಯದು. ತಲೆ ಭಾರವಾಗಿ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರೋಣ ಅನ್ನಿಸಿದರೆ ತಮಸ್ಸು. ಅದೇ ಅಧ್ಯಾಯ ಸಾತ್ವಿಕ ಕರ್ತೃವಿಗೆ ಧೃತಿ ಮತ್ತು ಉತ್ಸಾಹ ಎರಡೂ ಇರುತ್ತವೆ ಎನ್ನುತ್ತದೆ. ತಾಮಸ ಕರ್ತೃವಿಗೆ ಕೊಟ್ಟ ಹೆಸರು ದೀರ್ಘಸೂತ್ರಿ, ಇಂದಿನದನ್ನು ಎಳೆದೆಳೆದು ಮುಂದಕ್ಕೆ ಹಾಕುವವನು. ಉತ್ಸಾಹವಿಲ್ಲದ ಶಾಂತಿಯ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದೇ ಒಳ್ಳೆಯದು.

ಒಂದು ಎಚ್ಚರಿಕೆ. ವಾರಗಟ್ಟಲೆ ಏಳಲಾಗದ ಆಯಾಸ, ಯಾವುದರಲ್ಲೂ ಆಸೆಯಿಲ್ಲದಿರುವುದು ಕಾಯಿಲೆಯ ಲಕ್ಷಣವೂ ಆಗಿರಬಹುದು. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಇವಕ್ಕೆಲ್ಲ ತಮಸ್ಸು ಎಂದು ಹೆಸರಿಟ್ಟು ಬೈಯುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

## ಊಟದ ಪ್ರಶ್ನೆಗಳು

ಗೀತೆಯಲ್ಲಿ ಸಾತ್ವಿಕ ಆಹಾರದ ಪಟ್ಟಿ ಇದೆಯಂತಲ್ಲ, ಎಲ್ಲಿದೆ?

ಪಟ್ಟಿ ಇಲ್ಲ. ಗೋಡೆಗೆ ಅಂಟಿಸುವ ಮೂರು ಕಾಲಂ ಚಾರ್ಟುಗಳಲ್ಲಿ ಒಂದೊಂದು ತರಕಾರಿಗೂ ಒಂದೊಂದು ಗುಣ ಹಂಚಿರುತ್ತಾರೆ. ಗೀತೆಯ 17ನೇ ಅಧ್ಯಾಯದ 8ರಿಂದ 10ನೇ ಶ್ಲೋಕ ತೆಗೆದು ನೋಡಿ, ಒಂದು ಧಾನ್ಯದ, ಒಂದು ಕಾಯಿಪಲ್ಯದ ಹೆಸರೂ ಅಲ್ಲಿಲ್ಲ.

ಇರುವುದು ಇಷ್ಟು. ಆಯುಸ್ಸು, ಮನಸ್ಸಿನ ಸತ್ವ, ಬಲ, ಆರೋಗ್ಯ, ಸುಖ, ಪ್ರೀತಿ ಇವನ್ನು ಬೆಳೆಸುವ, ರಸವುಳ್ಳ, ಜಿಡ್ಡಿನ ಅಂಶವಿರುವ, ತಿಂದದ್ದು ದೇಹದಲ್ಲಿ ಬಹುಕಾಲ ನಿಲ್ಲುವ, ಮನಸ್ಸಿಗೆ ಹಿತವಾದ ಆಹಾರ ಸಾತ್ವಿಕರಿಗೆ ಪ್ರಿಯ. ಕಟು, ಹುಳಿ, ಉಪ್ಪು, ಅತಿ ಬಿಸಿ, ತೀಕ್ಷ್ಣ, ಒಣಕಲು, ಉರಿ ಹುಟ್ಟಿಸುವಂಥದ್ದು ರಾಜಸರಿಗೆ ಇಷ್ಟ. ಅದರಿಂದ ಬರುವುದು ದುಃಖ, ಶೋಕ, ರೋಗ. ಹೊತ್ತು ಮೀರಿದ್ದು, ರಸ ಹೋದದ್ದು, ನಾತ ಬಂದದ್ದು, ತಂಗಳು, ಎಂಜಲು, ಅಶುದ್ಧವಾದದ್ದು ತಾಮಸರಿಗೆ ಪ್ರಿಯ.

ಎರಡು ವಿಷಯ ಗಮನಿಸಿ. ಮೊದಲನೆಯದು, ಮೂರು ಕಡೆಯೂ ‘ಪ್ರಿಯ’, ‘ಇಷ್ಟ’ ಎಂದೇ ಇದೆ. ಅಧ್ಯಾಯ ಶುರುವಾಗುವುದು ಶ್ರದ್ಧೆಯಿಂದ. ಯಾರ ಒಳಗು ಹೇಗಿದೆಯೋ ಅವರ ಪೂಜೆ, ತಪಸ್ಸು, ದಾನ, ಊಟ ಹಾಗಿರುತ್ತದೆ ಎಂದು ತೋರಿಸುವುದು ಅದರ ಉದ್ದೇಶ. ಹಾಗಾಗಿ ಇಲ್ಲಿ ಊಟ ಒಂದು ಗುರುತು: ತಟ್ಟೆಯಲ್ಲಿ ಯಾವುದರ ಕಡೆಗೆ ಕೈ ತಾನಾಗಿ ಹೋಗುತ್ತದೆ ಎಂದು ನೋಡಿದರೆ ಮನಸ್ಸಿನ ಸುಳಿವು ಸಿಗುತ್ತದೆ. ಎರಡನೆಯದು, ವರ್ಣನೆಯೆಲ್ಲ ಸ್ಥಿತಿಯದು ಮತ್ತು ಪರಿಣಾಮದ್ದು. ಪದಾರ್ಥ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಅಕ್ಕಿ ಬಿಸಿ ಅನ್ನವಾಗಿ ಮೊದಲ ಶ್ಲೋಕಕ್ಕೆ ಸೇರುತ್ತದೆ, ಮೂರು ದಿನದ ಮೇಲೆ ಮೂರನೆಯದಕ್ಕೆ.

ಭಾಗವತದ 11ನೇ ಸ್ಕಂಧ ಇದನ್ನೇ ಇನ್ನೂ ಚಿಕ್ಕದಾಗಿ ಹೇಳುತ್ತದೆ. ಪಥ್ಯವೂ ಶುದ್ಧವೂ ಆಗಿದ್ದು ಆಯಾಸವಿಲ್ಲದೆ ದೊರೆತದ್ದು ಸಾತ್ವಿಕ, ನಾಲಿಗೆಗೆ ಹಿಡಿಸಿದ್ದು ರಾಜಸ, ನೋವು ತರುವ ಅಶುಚಿಯಾದದ್ದು ತಾಮಸ. ಅಲ್ಲೂ ಪಟ್ಟಿ ಇಲ್ಲ.

ಹಾಗಿದ್ರೆ ಉಪ್ಪು, ಹುಳಿ, ಖಾರ ಮೂರೂ ಬಿಟ್ಟುಬಿಡಬೇಕಾ? ಮತ್ತೆ ತಿನ್ನೋದೇನು?

ಬಿಡಬೇಕಿಲ್ಲ. ಶಂಕರರ ಭಾಷ್ಯ ಈ ಗೊಂದಲವನ್ನು ಒಂದೇ ಮಾತಿನಲ್ಲಿ ಬಗೆಹರಿಸುತ್ತದೆ. ಶ್ಲೋಕದಲ್ಲಿ ‘ಅತ್ಯುಷ್ಣ’ ಎಂದಿದೆಯಲ್ಲ, ಆ ‘ಅತಿ’ಯನ್ನು ಕಟು, ಹುಳಿ, ಉಪ್ಪು ಮುಂತಾದ ಎಲ್ಲದಕ್ಕೂ ಸೇರಿಸಿಕೊಳ್ಳಬೇಕು ಎನ್ನುತ್ತಾರೆ ಅವರು. ಅತಿ ಖಾರ, ಅತಿ ಹುಳಿ, ಅತಿ ಉಪ್ಪು ರಾಜಸ. ಹದವಾಗಿದ್ದರೆ ದೋಷವಿಲ್ಲ. ಉಪ್ಪಿಲ್ಲದ ಊಟ ‘ಹೃದ್ಯ’, ಅಂದರೆ ಮನಸ್ಸಿಗೆ ಹಿತವಾದದ್ದು, ಆಗುವುದೂ ಕಷ್ಟ.

‘ಅತಿ’ಯ ಗೆರೆ ಎಲ್ಲಿ ಎಂದು ಮರುಪ್ರಶ್ನೆ ಬರುತ್ತದೆ. ಶ್ಲೋಕವೇ ಅಳತೆ ಕೊಟ್ಟಿದೆ: ತಿನ್ನುವಾಗ ದುಃಖ, ತಿಂದ ಮೇಲೆ ಶೋಕ, ಆಮೇಲೆ ರೋಗ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಇನ್ನೊಂದು ತುತ್ತು ಬೇಕೆನ್ನಿಸುವುದು, ಅರ್ಧ ಗಂಟೆಯಲ್ಲಿ ಎದೆಯುರಿ, ರಾತ್ರಿ ನಿದ್ದೆಗೆಟ್ಟು “ಇನ್ನು ಮುಟ್ಟಲ್ಲ” ಎಂಬ ಶಪಥ, ಮರುದಿನ ಅದೇ ತಿಂಡಿಯ ಮುಂದೆ ಹಾಜರು. ರಜಸ್ಸು ಕಾಣುವುದು ಖಾರದಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಈ ಸುತ್ತಿನಲ್ಲಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ರೂಕ್ಷ’, ಅಂದರೆ ಜಿಡ್ಡಿಲ್ಲದ ಒಣಕಲು ಆಹಾರ, ರಾಜಸದ ಸಾಲಿನಲ್ಲಿದೆ. ‘ಸ್ನಿಗ್ಧ’, ಅಂದರೆ ಜಿಡ್ಡಿರುವುದು, ಸಾತ್ವಿಕದಲ್ಲಿದೆ. ಎಣ್ಣೆ ತುಪ್ಪ ಎಲ್ಲ ಬಿಟ್ಟು ಬೇಯಿಸಿದ ತರಕಾರಿ ಅಗಿಯುತ್ತಾ “ನಂದು ಪೂರ್ತಿ ಸಾತ್ವಿಕ ಡಯಟ್” ಅನ್ನುವವರು ಈ ಎರಡು ಪದಗಳನ್ನು ಒಮ್ಮೆ ನೋಡಬೇಕು.

ಈರುಳ್ಳಿ ಬೆಳ್ಳುಳ್ಳಿ ತಾಮಸ ಅಂತ ಗೀತೆಯಲ್ಲೇ ಇದೆಯಲ್ವಾ?

ಇಲ್ಲ. ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ, ಕೆಲವರು ಉತ್ತರ ಕೇಳಿ ಮುನಿಸಿಕೊಂಡದ್ದೂ ಇದೆ. ನಿಷೇಧ ಇರುವುದು ಧರ್ಮಶಾಸ್ತ್ರದಲ್ಲಿ. ಮನುಸ್ಮೃತಿಯ 5ನೇ ಅಧ್ಯಾಯದ 5ನೇ ಶ್ಲೋಕ ಬೆಳ್ಳುಳ್ಳಿ, ಈರುಳ್ಳಿ, ಅಣಬೆ ಮುಂತಾದವು ಮತ್ತು ಅಶುದ್ಧ ಜಾಗದಲ್ಲಿ ಬೆಳೆದವು ದ್ವಿಜರಿಗೆ ಅಭಕ್ಷ್ಯ ಎನ್ನುತ್ತದೆ. ಅಲ್ಲಿ ತಮಸ್ಸಿನ ಮಾತಿಲ್ಲ. ಯಾರು ಏನು ತಿನ್ನಬಾರದು ಎಂಬ ಆಚಾರದ ನಿಯಮ ಅದು, ಎಲ್ಲರಿಗೂ ಹಾಕಿದ್ದೂ ಅಲ್ಲ.

ಆಯುರ್ವೇದ ಇದೇ ಬೆಳ್ಳುಳ್ಳಿಯನ್ನು ಹೊಗಳುತ್ತದೆ. ವಾಗ್ಭಟನ ಅಷ್ಟಾಂಗಹೃದಯದ ರಸಾಯನ ಅಧ್ಯಾಯದಲ್ಲಿ ಒಂದು ಸೊಗಸಾದ ಕಥೆ ಬರುತ್ತದೆ. ಅಮೃತ ಕದ್ದು ಕುಡಿದ ರಾಹುವಿನ ಕೊರಳು ಕತ್ತರಿಸಿದಾಗ ನೆಲಕ್ಕೆ ಬಿದ್ದ ಹನಿಗಳೇ ಬೆಳ್ಳುಳ್ಳಿಯಾದವಂತೆ. ಅಸುರನ ದೇಹದಿಂದ ಬಂದದ್ದಾದ್ದರಿಂದ ದ್ವಿಜರು ತಿನ್ನುವುದಿಲ್ಲ, ಅಮೃತದಿಂದ ಹುಟ್ಟಿದ್ದಾದ್ದರಿಂದ ರಸಾಯನಗಳಲ್ಲಿ ಅದು ಮುಂದಾಳು. ಹೊಗಳಿಕೆ, ನಿಷೇಧ ಎರಡೂ ಒಂದೇ ಉಸಿರಿನಲ್ಲಿ.

ಮೂರನೆಯ ಮೂಲ ಯೋಗಶಾಸ್ತ್ರ. ಹಠಯೋಗಪ್ರದೀಪಿಕೆಯ ಮೊದಲ ಉಪದೇಶದಲ್ಲಿ ಸಾಧಕನಿಗೆ ಅಪಥ್ಯವಾದವುಗಳ ಸಾಲಿದೆ, ಅದರಲ್ಲಿ ಬೆಳ್ಳುಳ್ಳಿ ಇದೆ. ಆದರೆ ಅದೇ ಸಾಲಿನಲ್ಲಿ ಮದ್ಯ, ಮೀನು, ಮಾಂಸದ ಜೊತೆ ಮೊಸರು, ಮಜ್ಜಿಗೆ, ಹುರುಳಿ, ಎಳ್ಳು, ಇಂಗು ಕೂಡ ಇವೆ! ಬೆಳ್ಳುಳ್ಳಿ ಬಿಟ್ಟು ಅದರ ಬದಲಿಗೆ ಇಂಗು ಹಾಕುವ ಅಡುಗೆಮನೆಗಳು ಈ ಪಟ್ಟಿಯನ್ನು ಅರ್ಧ ಮಾತ್ರ ಪಾಲಿಸಿದಂತಾಯಿತು. ಈ ಮೂರು ಬೇರೆ ಬೇರೆ ನಿಯಮಗಳು ಕಾಲಕ್ರಮದಲ್ಲಿ ಒಂದಾಗಿ, ಮೇಲೆ ‘ತಾಮಸ’ ಎಂಬ ಹೆಸರು ಕೂತಿದೆ ಎಂಬುದು ನನ್ನ ಅಭಿಪ್ರಾಯ. ಮನೆತನದ ಆಚಾರವೆಂದು ಬಿಟ್ಟವರು ಬಿಡಲಿ, ತಕರಾರಿಲ್ಲ. ಗೀತೆಯ ಹೆಸರು ಹೇಳಿ ಪಕ್ಕದವರ ತಟ್ಟೆಗೆ ಬೆರಳು ತೋರಿಸುವುದಕ್ಕೆ ಮಾತ್ರ ಆಧಾರವಿಲ್ಲ.

ಫ್ರಿಜ್ಜಲ್ಲಿಟ್ಟ ಅನ್ನ ತಿಂದ್ರೆ ತಾಮಸ ಅಂತಾರೆ. ಕೆಲಸಕ್ಕೆ ಹೋಗೋ ನಮ್ಮಂಥವರು ಏನ್ಮಾಡ್ಬೇಕು?

ಒಂದು ಪಾತ್ರೆ ಅನ್ನವನ್ನು ಹಿಡಿದು ಶ್ಲೋಕದ ಪದಗಳನ್ನು ಒಂದೊಂದಾಗಿ ಹೊಂದಿಸಿ ನೋಡೋಣ. ಬೆಳಿಗ್ಗೆ ಎಂಟಕ್ಕೆ ಅನ್ನ, ಬೇಳೆ ಆಯಿತು ಎಂದುಕೊಳ್ಳಿ.

ತಾಮಸ ಆಹಾರದ ಶ್ಲೋಕದ ಮೊದಲ ಪದ ಯಾತಯಾಮ, ಅಂದರೆ ಯಾಮ ಕಳೆದದ್ದು. ದಿನದ ಎಂಟನೇ ಒಂದು ಪಾಲು ಯಾಮ, ಅಂದರೆ ಮೂರು ಗಂಟೆ. ಅಕ್ಷರಕ್ಕೆ ಅಕ್ಷರ ಹಿಡಿದರೆ ಬೆಳಿಗ್ಗೆ ಹನ್ನೊಂದಕ್ಕೇ ಆ ಅನ್ನ ತಾಮಸದ ಗಡಿ ದಾಟಿತು. ಮಧ್ಯಾಹ್ನ ಒಂದಕ್ಕೆ ಡಬ್ಬಿ ಬಿಚ್ಚುವವರೆಲ್ಲ ತಾಮಸರಾದರು. ಶಂಕರರು ಹಾಗೆ ಹೇಳುವುದಿಲ್ಲ. ಅವರ ಭಾಷ್ಯದಲ್ಲಿ ಈ ಪದಕ್ಕೆ ಅರೆಬೆಂದದ್ದು ಎಂಬ ಅರ್ಥವಿದೆ. ಸಾರ ಹೋದದ್ದನ್ನು ಹೇಳಲು ಮುಂದೆ ‘ಗತರಸ’ ಎಂಬ ಪದ ಇದ್ದೇ ಇದೆಯಲ್ಲ, ಎರಡು ಸಲ ಯಾಕೆ ಹೇಳಬೇಕು ಎಂಬುದು ಅವರ ಕಾರಣ. ಅಲ್ಲಿಗೆ ಮಧ್ಯಾಹ್ನದ ಡಬ್ಬಿ ಉಳಿಯಿತು.

ರಾತ್ರಿ ಎಂಟಕ್ಕೆ ಅದೇ ಅನ್ನ ಅಗುಳು ಗಟ್ಟಿಯಾಗಿ, ಬೇಳೆಯ ಘಮ ಹೋಗಿ ಸಪ್ಪೆಯಾಗಿರುತ್ತದೆ. ಗತರಸ ಅಂದರೆ ಇದೇ. ಅದನ್ನು ಫ್ರಿಜ್ಜಿನಲ್ಲಿಟ್ಟು ಬೆಳಗಾದರೆ ‘ಪರ್ಯುಷಿತ’, ಬೇಯಿಸಿದ ಮೇಲೆ ಒಂದು ರಾತ್ರಿ ಕಳೆದದ್ದು. ತಣ್ಣಗಿಟ್ಟಿದ್ದರಿಂದ ‘ಪೂತಿ’, ಅಂದರೆ ದುರ್ವಾಸನೆಯ ಹಂತ ಬೇಗ ಬರುವುದಿಲ್ಲ ಅಷ್ಟೆ. ಹೊರಗೇ ಇಟ್ಟಿದ್ದರೆ ಅದೂ ಬರುತ್ತಿತ್ತು. ವಾಸನೆ ಬರುವ ಮುಂಚೆಯೇ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅನ್ನದಲ್ಲಿ ಬೆಳೆಯಬಲ್ಲದು, ಆದ್ದರಿಂದ ಮೂಗೊಂದನ್ನೇ ನಂಬಬೇಡಿ.

ಅಂದಮೇಲೆ ಅಕ್ಷರಶಃ ಫ್ರಿಜ್ಜಿನ ಅನ್ನ ತಂಗಳೇ. ಆದರೆ ತಂಗಳಿಗೂ ವಿನಾಯಿತಿಗಳಿವೆ, ಇದನ್ನು ಯಾರೂ ಹೇಳುವುದಿಲ್ಲ. ಮನುಸ್ಮೃತಿಯ 5ನೇ ಅಧ್ಯಾಯವೇ ಜಿಡ್ಡು ಬೆರೆತ, ಕೆಡದ ತಿನಿಸು ರಾತ್ರಿ ಕಳೆದರೂ ತಿನ್ನಬಹುದು ಎನ್ನುತ್ತದೆ. ಗೋಧಿ, ಜವೆಗೋಧಿಯ ತಿನಿಸುಗಳನ್ನೂ ಹಾಲಿನಿಂದಾದವುಗಳನ್ನೂ ಜಿಡ್ಡಿಲ್ಲದಿದ್ದರೂ ಬಹಳ ಹೊತ್ತು ಇಟ್ಟು ತಿನ್ನಬಹುದು. ಹುಳಿ ಬಂದ ಪದಾರ್ಥಗಳಲ್ಲಿ ಮೊಸರಿಗೆ ಅನುಮತಿಯಿದೆ. ಯಾವುದು ಬೇಗ ಕೆಡುತ್ತದೆ, ಯಾವುದು ಕೆಡುವುದಿಲ್ಲ ಎಂಬ ಅಡುಗೆಮನೆಯ ತಿಳಿವಳಿಕೆ ನಿಯಮದೊಳಗೇ ಇದೆ. ಇನ್ನೊಂದು ಕಡೆ ಹಠಯೋಗಪ್ರದೀಪಿಕೆ ಮತ್ತೆ ಬಿಸಿ ಮಾಡಿದ ಊಟವೇ ಅಹಿತ ಎನ್ನುತ್ತದೆ. ಆದರೆ ಅದು ಹಗಲೆಲ್ಲ ಪ್ರಾಣಾಯಾಮ ಮಾಡುವವನಿಗೆ ಹೇಳಿದ ಪಥ್ಯ.

ಆಗುವುದಾದರೆ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ. ಆಗದಿದ್ದರೆ ಉಳಿದದ್ದನ್ನು ಬೇಗ ತಣಿಸಿ ಒಳಗಿಟ್ಟು, ಮರುದಿನ ಚೆನ್ನಾಗಿ ಬಿಸಿಮಾಡಿ ಮುಗಿಸಿ. ಶ್ಲೋಕ ಹೇಳುವುದು ತಂಗಳೇ ಪ್ರಿಯವಾದವರ ಬಗ್ಗೆ. ಬಿಸಿ ಊಟ ಮಾಡಿಕೊಳ್ಳಲು ಹೊತ್ತೂ ಅನುಕೂಲವೂ ಇದ್ದು, ಎದ್ದು ಒಲೆ ಹಚ್ಚಲು ಬೇಸರಪಟ್ಟು ಮೂರು ದಿನದ್ದನ್ನೇ ಎಳೆದುಕೊಳ್ಳುವವನು ಒಂದು ಕಡೆ, ಎರಡು ಬಸ್ಸು ಹಿಡಿದು ಮನೆಗೆ ಬಂದವಳು ನಿನ್ನೆಯದನ್ನು ಬಿಸಿಮಾಡಿಕೊಳ್ಳುವುದು ಇನ್ನೊಂದು ಕಡೆ. ಎರಡೂ ಒಂದೇ ಅಲ್ಲ.

ಮಾಂಸಾಹಾರ ಮಾಡೋರು ಸಾತ್ವಿಕರಾಗೋಕೆ ಸಾಧ್ಯವೇ ಇಲ್ವಾ?

ಈ ಮೂರು ಶ್ಲೋಕಗಳಲ್ಲಿ ಮಾಂಸದ ಹೆಸರಿಲ್ಲ. ‘ಅಮೇಧ್ಯ’ ಎಂಬ ಪದದಲ್ಲಿ ಅದು ಸೇರುತ್ತದೆ ಎಂದು ಹೇಳುವವರಿದ್ದಾರೆ. ಶಂಕರರು ಅದಕ್ಕೆ ಕೊಡುವ ಅರ್ಥ ಯಜ್ಞಕ್ಕೆ ಯೋಗ್ಯವಲ್ಲದ್ದು ಎಂದು. ವೈದಿಕ ಯಜ್ಞಗಳಲ್ಲಿ ಪಶು ಇತ್ತು ಎಂಬುದನ್ನು ನೆನೆದರೆ ಈ ಒಂದು ಪದದಿಂದ ವಾದ ಮುಗಿಯದು. ಮಾಂಸ ಬಿಡುವುದಕ್ಕೆ ಪರಂಪರೆಯಲ್ಲಿ ಗಟ್ಟಿಯಾದ ಕಾರಣ ಅಹಿಂಸೆ, ಅದು ತನ್ನ ಕಾಲ ಮೇಲೆ ತಾನೇ ನಿಲ್ಲುವ ವಾದ. ಅದಕ್ಕೆ ಗುಣಗಳ ಊರುಗೋಲು ಬೇಕಿಲ್ಲ. ತಿನ್ನುವ ಮನುಷ್ಯ ಸಾತ್ವಿಕನೋ ಅಲ್ಲವೋ ಎಂದು ನೋಡಲು ಗೀತೆ ಅವನ ಜ್ಞಾನ, ಕೆಲಸ, ದಾನ, ಮಾತು ಎಲ್ಲವನ್ನೂ ಎಣಿಸುತ್ತದೆ. ಊಟ ಅದರಲ್ಲಿ ಒಂದು.

ಕಾಫಿ, ಟೀ ಯಾವುದಕ್ಕೆ ಸೇರುತ್ತೆ?

ಹಳೆಯ ಗ್ರಂಥಗಳ ಕಾಲಕ್ಕೆ ಇವು ಇರಲಿಲ್ಲ, ಹಾಗಾಗಿ ಪರಿಣಾಮ ನೋಡಿಯೇ ಹೇಳಬೇಕು. ಎಬ್ಬಿಸುವುದು ರಜಸ್ಸಿನ ಕೆಲಸ, ಇವು ಮಾಡುವುದೂ ಅದನ್ನೇ. ಮಂಕು ಕವಿದ ಬೆಳಿಗ್ಗೆ ಒಂದು ಲೋಟ ತಮಸ್ಸನ್ನು ಸರಿಸಬಹುದು. ಐದನೆಯ ಲೋಟಕ್ಕೆ ಕೈ ನಡುಗಿ, ಸಿಕ್ಕಿದವರ ಮೇಲೆಲ್ಲ ರೇಗುವಂತಾದರೆ ‘ಅತಿ’ ಬಂದಾಯಿತು.

ಒಂದು ವರ್ಷದಿಂದ ಮನೆಯಲ್ಲಿ ಪೂರ್ತಿ ಸಾತ್ವಿಕ ಅಡುಗೆ. ಆದ್ರೂ ನಮ್ಮೆಜಮಾನರ ಸಿಟ್ಟು ಕಡಿಮೆಯಾಗಿಲ್ಲ, ಜಾಸ್ತಿನೇ ಆಗಿದೆ. ಯಾಕೆ?

ಪತ್ರದಲ್ಲಿ ವಿವರವೂ ಇತ್ತು. ನೆಂಟರ ಮನೆಯಲ್ಲಿ ಪಲ್ಯಕ್ಕೆ ಈರುಳ್ಳಿ ಬಿದ್ದಿದೆ ಎಂದು ತಟ್ಟೆ ತಳ್ಳಿ ಎದ್ದು ಬಂದದ್ದು, ಮಗ ಹೊರಗೆ ತಿಂದು ಬಂದ ಎಂದು ಎರಡು ದಿನ ಮಾತು ಬಿಟ್ಟದ್ದು.

ನಿಯಮ ಪಾಲಿಸುವುದೂ ಒಂದು ತಪಸ್ಸು. ತಪಸ್ಸಿಗೂ ಮೂರು ಬಗೆ ಇವೆ ಎಂದು ಅದೇ 17ನೇ ಅಧ್ಯಾಯ ಹೇಳುತ್ತದೆ. ಗೌರವ, ಮಾನ, ಪೂಜೆ ಸಿಗಲಿ ಎಂದು ತೋರಿಕೆಗೆ ಮಾಡಿದ್ದು ರಾಜಸ. ಹಠದಿಂದ ತನ್ನನ್ನು ಹಿಂಸಿಸಿಕೊಂಡೋ ಬೇರೆಯವರಿಗೆ ನೋವು ಕೊಡಲೆಂದೋ ಮಾಡಿದ್ದು ತಾಮಸ. ಇಲ್ಲಿ ತಟ್ಟೆಯಲ್ಲಿದ್ದದ್ದು ಸಾತ್ವಿಕವಾದರೂ ಅದನ್ನು ಹಿಡಿದ ಹಿಡಿತ ರಾಜಸ. ನಿಯಮ ಮುರಿದಾಗ ಬರುವ ಕೋಪವೇ ಅದರ ಗುರುತು. ಮನಸ್ಸಿನ ಪ್ರಸನ್ನತೆ, ಸೌಮ್ಯತೆ, ಮೌನ ಇವೂ ತಪಸ್ಸು ಎಂದು 16ನೇ ಶ್ಲೋಕದಲ್ಲಿದೆ. ನೋಯಿಸದ, ಸತ್ಯವೂ ಪ್ರಿಯವೂ ಆದ ಮಾತು ಅದರ ಹಿಂದಿನ ಶ್ಲೋಕದಲ್ಲಿ. ಒಂದು ತಿಂಗಳು ಊಟದ ನಿಯಮವನ್ನು ಅವರು ತಮ್ಮ ತಟ್ಟೆಗಷ್ಟೇ ಇಟ್ಟುಕೊಂಡು, ಮಾತಿನ ನಿಯಮ ಹಿಡಿದು ನೋಡಲಿ. ನೀವು ಅಡುಗೆ ಬದಲಿಸುವುದರಿಂದ ಅವರ ಸಿಟ್ಟು ಇಳಿಯಬೇಕು ಎಂಬ ಹೊಣೆಯನ್ನು ಮಾತ್ರ ನೀವು ಹೊರಬೇಡಿ, ತಾಯಿ.

## ಇನ್ನೂ ಒಳಕ್ಕೆ

ವಾತ, ಪಿತ್ತ, ಕಫ ಅನ್ನೋದೂ ಇದೇ ಮೂರು ಗುಣನಾ?

ಬೇರೆ. ಚರಕಸಂಹಿತೆಯ ಮೊದಲ ಅಧ್ಯಾಯದಲ್ಲೇ ವಾತ, ಪಿತ್ತ, ಕಫ ದೇಹದ ದೋಷಗಳು, ರಜಸ್ಸು ಮತ್ತು ತಮಸ್ಸು ಮನಸ್ಸಿನ ದೋಷಗಳು ಎಂದು ವಿಂಗಡಿಸಿದ್ದಾರೆ. ಸತ್ವವನ್ನು ದೋಷಗಳಲ್ಲಿ ಸೇರಿಸಿಲ್ಲ. ಪಿತ್ತ ಅಂದರೆ ರಜಸ್ಸು, ಕಫ ಅಂದರೆ ತಮಸ್ಸು ಎಂದು ಜೋಡಿ ಹಾಕುವುದು ತಪ್ಪು ದಾರಿ. ಮೈಯಲ್ಲಿ ಕಫ ಪ್ರಕೃತಿಯವರ ಮನಸ್ಸು ಚುರುಕಾಗಿಯೇ ಇರಬಹುದು. ಸ್ವಭಾವಗಳ ಬಗ್ಗೆ ಕುತೂಹಲವಿದ್ದರೆ ಚರಕದ ಶಾರೀರಸ್ಥಾನದ 4ನೇ ಅಧ್ಯಾಯ ನೋಡಿ. ಮನಸ್ಸುಗಳನ್ನು ಅಲ್ಲಿ 16 ಬಗೆ ಮಾಡಿದ್ದಾರೆ, 7 ಸಾತ್ವಿಕ, 6 ರಾಜಸ, 3 ತಾಮಸ. ತಾಮಸ ಮೂರರ ಹೆಸರು ಪಶು, ಮೀನು, ಗಿಡದ ಮೇಲೆ ಬಂದಿದೆ.

ಊಟದಿಂದ ಮನಸ್ಸು ಬದಲಾಗುತ್ತೆ ಅನ್ನೋದಕ್ಕೆ ಉಪನಿಷತ್ತಿನಲ್ಲಿ ಆಧಾರ ಇದೆಯಾ?

ಇದೆ, ಛಾಂದೋಗ್ಯದ 6ನೇ ಅಧ್ಯಾಯದಲ್ಲಿ. ತಿಂದ ಅನ್ನದ ಸ್ಥೂಲ ಭಾಗ ಮಲವಾಗುತ್ತದೆ, ನಡುವಿನದು ಮಾಂಸವಾಗುತ್ತದೆ, ಅತಿ ಸೂಕ್ಷ್ಮವಾದದ್ದು ಮನಸ್ಸಾಗುತ್ತದೆ ಎಂದು ಉದ್ದಾಲಕ ಮಗನಿಗೆ ಹೇಳುತ್ತಾನೆ. ಶ್ವೇತಕೇತು ಸುಲಭಕ್ಕೆ ಒಪ್ಪುವ ಹುಡುಗನಲ್ಲ. ಅಪ್ಪ ಪ್ರಯೋಗ ಮಾಡಿಸುತ್ತಾನೆ: 15 ದಿನ ಊಟ ಬಿಡು, ನೀರು ಎಷ್ಟು ಬೇಕಾದರೂ ಕುಡಿ. ಆಮೇಲೆ ವೇದ ಹೇಳು ಎಂದರೆ ಹನ್ನೆರಡು ವರ್ಷ ಓದಿದವನಿಗೆ ಒಂದು ಮಂತ್ರವೂ ಹೊಳೆಯುವುದಿಲ್ಲ. ಹೋಗಿ ಊಟ ಮಾಡಿ ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬರುತ್ತದೆ. ಇಲ್ಲಿ ಸಾಬೀತಾಗುವುದು ಅನ್ನವಿಲ್ಲದೆ ಮನಸ್ಸು ನಡೆಯದು ಎಂಬುದಷ್ಟೇ. ಯಾವ ಅನ್ನದಿಂದ ಎಂಥ ಮನಸ್ಸು ಎಂಬ ಮಾತು ಈ ಕಥೆಯಲ್ಲಿಲ್ಲ.

ಆ ಮಾತಿಗೆ ಎಲ್ಲರೂ ತೋರಿಸುವುದು 7ನೇ ಅಧ್ಯಾಯದ ‘ಆಹಾರಶುದ್ಧೌ ಸತ್ತ್ವಶುದ್ಧಿಃ’ ಎಂಬ ವಾಕ್ಯವನ್ನು. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ, ಅದರಿಂದ ಸ್ಮೃತಿ ದೃಢ. ಆದರೆ ಇಲ್ಲಿ ಆಚಾರ್ಯರು ಬೇರೆಯಾಗುತ್ತಾರೆ. ಶಂಕರರಿಗೆ ಇಲ್ಲಿ ಆಹಾರವೆಂದರೆ ಇಂದ್ರಿಯಗಳಿಂದ ಒಳಗೆ ತೆಗೆದುಕೊಳ್ಳುವ ಅನುಭವ. ಶಬ್ದ, ರೂಪ ಎಲ್ಲವನ್ನೂ ರಾಗದ್ವೇಷವಿಲ್ಲದೆ ಗ್ರಹಿಸುವುದೇ ಅದರ ಶುದ್ಧಿ. ರಾಮಾನುಜರು ತಿನ್ನುವ ಅನ್ನವನ್ನೇ ಹಿಡಿಯುತ್ತಾರೆ. ಅದಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ: ಪದಾರ್ಥದ ಜಾತಿಯಿಂದ ಬಂದದ್ದು, ಅದು ಬಂದ ಮೂಲದಿಂದ ಬಂದದ್ದು, ಕೂದಲು ಬಿದ್ದಂಥ ಯಾವುದೋ ನಿಮಿತ್ತದಿಂದ ಬಂದದ್ದು. ಮನೆಗಳಲ್ಲಿ ಉಳಿದು ಬಂದ ಮಡಿ, ಊಟದ ಶಿಸ್ತುಗಳಿಗೆ ಎರಡನೆಯ ಅರ್ಥ ಹತ್ತಿರ. ದಿನಕ್ಕೆ ನಾಲ್ಕು ಗಂಟೆ ಜಗಳದ ವೀಡಿಯೋ ನೋಡಿ ಆಮೇಲೆ ಸಾತ್ವಿಕ ಊಟಕ್ಕೆ ಕೂರುವವರಿಗೆ ಮೊದಲನೆಯದು ಹೆಚ್ಚು ಬೇಕಾಗಿದೆ.

ಹುಟ್ಟಿನಿಂದ ಬಂದ ಗುಣ ಬದಲಾಗುತ್ತಾ?

ಉತ್ತರ ಎಲ್ಲ ಕಡೆ ಒಂದೇ ಇಲ್ಲ. ಮಧ್ವಾಚಾರ್ಯರ ಮತದಲ್ಲಿ ಜೀವಗಳ ಸ್ವರೂಪದಲ್ಲೇ ಮೂರು ಬಗೆ: ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು. ಅದು ಬದಲಾಗದು. ಮೇಲಿನ ಮನಸ್ಸಿನ ಏರಿಳಿತ ಬೇರೆ ಮಾತು. ಬೇರೆ ವೇದಾಂತಿಗಳು ಸ್ವರೂಪದಲ್ಲೇ ಇಂಥ ಭೇದವನ್ನು ಒಪ್ಪುವುದಿಲ್ಲ, ಗುಣ ಪ್ರಕೃತಿಗೆ ಸೇರಿದ್ದು ಎನ್ನುತ್ತಾರೆ. ಗುಣ ಹೆಚ್ಚು ಕಡಿಮೆಯಾಗಲು ಕಾರಣ ಏನು ಎಂಬುದಕ್ಕೆ ಭಾಗವತದ 11ನೇ ಸ್ಕಂಧದ 13ನೇ ಅಧ್ಯಾಯ ಹತ್ತು ಹೆಸರು ಕೊಡುತ್ತದೆ: ಓದುವ ಶಾಸ್ತ್ರ, ನೀರು, ಜೊತೆಗಾರರು, ಜಾಗ, ಹೊತ್ತು, ಕೆಲಸ, ಜನ್ಮ, ಧ್ಯಾನ, ಮಂತ್ರ, ಸಂಸ್ಕಾರ. ಜನ್ಮ ಹತ್ತರಲ್ಲಿ ಒಂದು. ಉಳಿದವುಗಳಲ್ಲಿ ಬಹುಪಾಲು ನಾವು ಆರಿಸಿಕೊಳ್ಳಬಹುದಾದವು.

ಪೂರ್ತಿ ಸಾತ್ವಿಕರಾದ್ರೆ ಮೋಕ್ಷ ಸಿಕ್ಕ ಹಾಗೇನಾ?

ಸಿಗುವುದಿಲ್ಲ, ಸತ್ವವೂ ಕಟ್ಟಿಹಾಕುತ್ತದೆ. ತಮಸ್ಸು ಆಲಸ್ಯ, ನಿದ್ದೆಯಿಂದ ಕಟ್ಟಿದರೆ, ರಜಸ್ಸು ಕೆಲಸದ ಅಂಟಿನಿಂದ, ಸತ್ವ ಸುಖದ ಮತ್ತು ಜ್ಞಾನದ ಅಂಟಿನಿಂದ ಎಂದು ಗೀತೆಯ 14ನೇ ಅಧ್ಯಾಯ ಹೇಳುತ್ತದೆ. ನನ್ನ ಮನಸ್ಸು ಎಷ್ಟು ತಿಳಿಯಾಗಿದೆ, ನನಗೆ ಎಷ್ಟು ಗೊತ್ತು ಎಂಬ ಸವಿ ಅದು. ಅದಕ್ಕೆ ಭಂಗ ತಂದ ಮಗುವಿನ ಅಳು, ಪಕ್ಕದ ಮನೆಯ ಧ್ವನಿವರ್ಧಕ ಎಲ್ಲವೂ ಶತ್ರುಗಳಾಗಿ ಕಾಣತೊಡಗಿದರೆ ಆ ಅಂಟು ಬಿದ್ದಿದೆ ಎಂದೇ ತಿಳಿಯಬೇಕು.

ಮೂರು ಗುಣಗಳನ್ನೂ ದಾಟಿದ ಗುಣಾತೀತ ಹೇಗಿರುತ್ತಾನೆ ಎಂದು ಅರ್ಜುನ ಕೇಳಿದಾಗ ಬಂದ ಉತ್ತರದಲ್ಲಿ ಆಹಾರದ ಸುದ್ದಿಯೇ ಇಲ್ಲ. ಬೆಳಕು, ಚಟುವಟಿಕೆ, ಮೋಹ ಇವು ಬಂದಾಗ ಅವನು ದ್ವೇಷಿಸುವುದಿಲ್ಲ, ಹೋದಾಗ ಬೇಕೆಂದು ಹಂಬಲಿಸುವುದಿಲ್ಲ. ಗುಣಗಳು ತಮ್ಮ ಕೆಲಸ ತಾವು ಮಾಡುತ್ತಿವೆ ಎಂದು ಅಲುಗದೆ ಇರುತ್ತಾನೆ. ಮೂರರಲ್ಲಿ ಮೊದಲು ಹೇಳಿರುವ ಬೆಳಕು ಸತ್ವದ್ದೇ. ದಾಟುವ ದಾರಿ ಯಾವುದು ಎಂಬುದಕ್ಕೆ ಆ ಅಧ್ಯಾಯದ 26ನೇ ಶ್ಲೋಕ ಕದಲದ ಭಕ್ತಿಯನ್ನು ಹೇಳುತ್ತದೆ. ಸಾಂಖ್ಯರು ಪ್ರಕೃತಿ ಬೇರೆ, ನೋಡುವ ಪುರುಷ ಬೇರೆ ಎಂಬ ವಿವೇಕವನ್ನು ಹೇಳುತ್ತಾರೆ.